ಪೆನ್ನಿನ ಗುಂಡಿ ಒತ್ತಿ ಪರದೆ ಮೇಲೆಯೇ ಪ್ರೂಫ್ ತಿದ್ದಿದ್ದು

ನಾನು ಬಿಡುವಿನಲ್ಲಿ ಸ್ಮರಣ ಸಂಚಿಕೆ, ಸಣ್ಣ ಪುಸ್ತಕಗಳ ಪ್ರೂಫ್ ನೋಡುತ್ತೇನೆ. ಡಿಟಿಪಿ ಮಾಡುವವರು ಪುಟಗಳನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಮೊದಲೆಲ್ಲ ನಾನು ತಪ್ಪುಗಳನ್ನು ಟೈಪ್ ಮಾಡಿ ಕಳಿಸುತ್ತಿದ್ದೆ. "ಪುಟ 14, ಎರಡನೇ ಕಾಲಂ, ಮೇಲಿಂದ ಏಳನೇ ಸಾಲು, ವಿದ್ಯಾಥಿ ಅಲ್ಲ ವಿದ್ಯಾರ್ಥಿ." ಒಂದು ತಪ್ಪಿಗೆ ಇಷ್ಟು ಪುರಾಣ. ಅವರು ಮೇಲಿಂದ ಎಣಿಸುವಾಗ ಶೀರ್ಷಿಕೆಯನ್ನೂ ಸೇರಿಸಿಕೊಂಡರೆ ಆರನೇ ಸಾಲಿಗೆ ಹೋಗಿ ಹುಡುಕುತ್ತಿದ್ದರು.

ಪಿಡಿಎಫ್‌ನಲ್ಲೇ ಪದ ಹಿಡಿದು ಟಿಪ್ಪಣಿ ಹಾಕಬಹುದಲ್ವಾ ಅಂತ ಕೇಳಬಹುದು. ಪುಟ ಯೂನಿಕೋಡ್‌ನಲ್ಲಿದ್ದರೆ ಸರಿ. ನನಗೆ ಬರುವುದು ಹೆಚ್ಚಾಗಿ ಹಳೆಯ ನುಡಿ ಫಾಂಟಿನ ಪುಟಗಳು. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಬೇರೆ ಸಂಕೇತಗಳು. ಕಾಪಿ ಮಾಡಿದರೆ ಕಲಸುಮೇಲೋಗರ ಬರುತ್ತದೆ, ಹುಡುಕಿದರೆ ಪದ ಸಿಗುವುದೇ ಇಲ್ಲ. ಹಾಗಾಗಿ ಪುಟವನ್ನು ಚಿತ್ರವೆಂದುಕೊಂಡು ಅದರ ಮೇಲೆ ಗೀಚುವುದೇ ಸುಲಭ.

ನನ್ನ ಹತ್ತಿರ ಇರುವುದು ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್. ಜೊತೆಗೆ ಬರುವ ಎಸ್ ಪೆನ್ನಿಗೆ ಬ್ಯಾಟರಿ ಇಲ್ಲ, ಚಾರ್ಜ್ ಮಾಡುವ ಕೆಲಸವೂ ಇಲ್ಲ. ಪೆನ್ನಿನ ಮೊನೆಯನ್ನು ಪರದೆಗೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿಯಬೇಕು. ಒಂದು ಚಿಕ್ಕ ಚುಕ್ಕಿ ಕಾಣಿಸುತ್ತದೆ. ಆಗ ಪೆನ್ನಿನ ಬದಿಯ ಗುಂಡಿ ಒತ್ತಿದರೆ ಏರ್ ಕಮಾಂಡ್ ಪಟ್ಟಿ ತೆರೆಯುತ್ತದೆ. ಅದರಲ್ಲಿ ಸ್ಕ್ರೀನ್ ರೈಟ್ ಮುಟ್ಟಿದರೆ ಆ ಕ್ಷಣ ಪರದೆಯಲ್ಲಿ ಏನಿತ್ತೋ ಅದು ಚಿತ್ರವಾಗಿ ನಿಲ್ಲುತ್ತದೆ, ಪೆನ್ನು ಬರೆಯಲು ಸಿದ್ಧ. ಚುಕ್ಕಿ ಕಾಣದಿದ್ದರೆ ಪೆನ್ನು ದೂರವಾಯಿತು ಅಂತ ಅರ್ಥ, ಗುಂಡಿ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ನಾನು ಮೊದಲ ದಿನ ಗುಂಡಿಯೇ ಕೆಟ್ಟಿದೆ ಅಂದುಕೊಂಡಿದ್ದೆ! ಪಟ್ಟಿಯಲ್ಲಿ ಬೇಡದ್ದನ್ನು ತೆಗೆಯಲು Settings ಒಳಗೆ Advanced features, ಅಲ್ಲಿ S Pen, ಅಲ್ಲಿ Air command ನೋಡಿ.

ತಪ್ಪು ಮಾಡಿದ್ದು ಗಾತ್ರದ ವಿಷಯದಲ್ಲಿ. ಟ್ಯಾಬನ್ನು ಉದ್ದಕ್ಕೆ ಹಿಡಿದು ಇಡೀ ಎ4 ಪುಟ ಒಂದೇ ಸಲ ಹಿಡಿದು ಕಳಿಸಿದೆ. ನನ್ನ ಪರದೆಯಲ್ಲಿ ಚೆನ್ನಾಗಿಯೇ ಇತ್ತು. ಅವರ ಕಡೆ ಒತ್ತಕ್ಷರಗಳೆಲ್ಲ ಮಸಿ ಚುಕ್ಕಿಗಳಾಗಿದ್ದವು. ಈ ಟ್ಯಾಬಿನ ಪರದೆ 2000 × 1200 ಪಿಕ್ಸೆಲ್. ಹಿಡಿಯುವುದು ಪರದೆಯನ್ನೇ ಹೊರತು ಪಿಡಿಎಫ್ ಪುಟವನ್ನಲ್ಲ. ಉದ್ದಕ್ಕೆ ಹಿಡಿದರೆ ಪುಟದ ಅಗಲಕ್ಕೆ ಹೆಚ್ಚೆಂದರೆ 1200 ಪಿಕ್ಸೆಲ್ ಸಿಗುತ್ತದೆ. ಅದನ್ನು ವಾಟ್ಸಾಪ್ ಇನ್ನೂ ಕುಗ್ಗಿಸುತ್ತದೆ. ಈಗ ಟ್ಯಾಬನ್ನು ಅಡ್ಡ ತಿರುಗಿಸಿ, ಪುಟದ ಅಗಲ ಪರದೆ ತುಂಬುವಂತೆ ಹಿಗ್ಗಿಸಿ, ಒಂದು ಪುಟವನ್ನು ಎರಡು ಮೂರು ತುಂಡಾಗಿ ಹಿಡಿಯುತ್ತೇನೆ. ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. ಅರ್ಕಾವತ್ತು ಈಗ ಅರ್ಕಾವತ್ತಾಗಿಯೇ ಕಾಣುತ್ತದೆ.

ಹಿಗ್ಗಿಸಿದ್ದರಿಂದ ಇನ್ನೊಂದು ಎಡವಟ್ಟಾಯಿತು. ಪುಟದ ಕೆಳಗಿನ ಸಂಖ್ಯೆ ಚಿತ್ರದಿಂದ ಹೊರಗೆ ಹೋಯಿತು. ಒಂದು ಸಂಚಿಕೆಯಲ್ಲಿ ಅಧ್ಯಕ್ಷರ ಮಾತು, ಕಾರ್ಯದರ್ಶಿಗಳ ಮಾತು ಎರಡೂ "ಆತ್ಮೀಯರೇ" ಅಂತಲೇ ಶುರುವಾಗಿದ್ದವು. ಒಂದರ ತಿದ್ದುಪಡಿ ಇನ್ನೊಂದಕ್ಕೆ ಸೇರಿತು. ಅಧ್ಯಕ್ಷರು ಹೇಳದ ಒಂದು ಧನ್ಯವಾದ ಅವರ ಹೆಸರಿನಲ್ಲಿ ಎರಡನೇ ಪ್ರೂಫಿಗೆ ಬಂದು ಕೂತಿತು. ಅದಾದ ಮೇಲೆ ಸ್ಕ್ರೀನ್ ರೈಟ್ ತೆರೆದ ಕೂಡಲೇ ಮೇಲಿನ ಮೂಲೆಯಲ್ಲಿ "14 ಮೇಲೆ", "14 ಕೆಳಗೆ" ಅಂತ ಬರೆಯುವುದೇ ಮೊದಲ ಕೆಲಸ.

ಗುರುತು ಹಾಕುವುದು ಕಾಗದದ ಮೇಲಿನ ಹಾಗೆಯೇ. "ವಿದ್ಯಾಥಿ" ಇದ್ದರೆ "ಥಿ"ಗೆ ಮಾತ್ರ ಕೆಂಪು ಸುತ್ತು, ಅಲ್ಲಿಂದ ಅಂಚಿಗೆ ಒಂದು ಗೆರೆ, ಅಂಚಿನಲ್ಲಿ ದೊಡ್ಡದಾಗಿ "ರ್ಥಿ". ಇಡೀ ಪದಕ್ಕೆ ಸುತ್ತು ಹಾಕಿದರೆ ಯಾವ ಅಕ್ಷರ ಅಂತ ಅವರು ಮತ್ತೆ ಹುಡುಕಬೇಕು. ಗೆರೆಯನ್ನು ಸಾಲುಗಳ ನಡುವಿನ ಜಾಗದಲ್ಲೇ ಎಳೆಯುತ್ತೇನೆ, ಅಕ್ಷರಗಳ ಮೇಲೆ ಹಾಯಿಸಿದರೆ ಹೊಡೆದು ಹಾಕಿ ಅಂತ ತಿಳಿದುಬಿಡುತ್ತಾರೆ. ಅಂಚು ಸಣ್ಣದಿದ್ದರೆ ಹಿಡಿಯುವ ಮೊದಲೇ ಪುಟವನ್ನು ಸ್ವಲ್ಪ ಕುಗ್ಗಿಸಿಕೊಳ್ಳುತ್ತೇನೆ. ಹಿಡಿದ ಮೇಲೆ ಜಾಗ ಹುಟ್ಟುವುದಿಲ್ಲ.

ಉಳಿಸುವ ಮೊದಲು ಒಮ್ಮೆ ಓದಿಕೊಳ್ಳಬೇಕು. ಅಲ್ಲಿಯವರೆಗೆ ಅಳಿಸಬಹುದು, ಹಿಂದಕ್ಕೆ ಹೋಗಬಹುದು. ಉಳಿಸಿದ ಮೇಲೆ ಗೆರೆಗಳೂ ಪುಟವೂ ಒಂದೇ ಚಿತ್ರ, ನನ್ನ ಗೀಟನ್ನಷ್ಟೇ ಎತ್ತಲಾಗದು.

ಎರಡು ಸಾಲಿಗಿಂತ ಜಾಸ್ತಿ ಸೇರಿಸಬೇಕಾದಾಗ ಮಾತ್ರ ಪೆನ್ನು ಕೆಳಗಿಡುತ್ತೇನೆ. ಆ ಜಾಗದಲ್ಲಿ "ಅ" ಅಂತ ಗುರುತು ಹಾಕಿ, ವಾಕ್ಯಗಳನ್ನು ಬೇರೆಯಾಗಿ ಟೈಪ್ ಮಾಡಿ ಕಳಿಸುತ್ತೇನೆ. ನನ್ನ ಕೈಬರಹ ನೋಡಿದವರು ಹೇಳಿಯೇ ಈ ನಿಯಮ ಬಂದಿದ್ದು.