ಪಾಲು ಎನ್ನದೆ ಪಾಲಿನ ಮಾತು ಬರೆಯುವುದು

ಮಲೆನಾಡಿನ ಒಂದು ಮನೆ. ಸಾಲದಲ್ಲಿರುವ ಅಣ್ಣ ಬೆಂಗಳೂರಿನಿಂದ ಬಂದಿದ್ದಾನೆ, ತೋಟದಲ್ಲಿ ಪಾಲು ಕೇಳಲು. ತೋಟ ನೋಡಿಕೊಂಡವನು ತಮ್ಮ. ಕಥೆಯಲ್ಲಿ ಇವರ ಮಾತು ಹೇಗೆ ಬರೆಯುತ್ತೀರಿ?

ಮೊದಲು ಮನಸ್ಸಿನಲ್ಲಿರುವುದನ್ನೆಲ್ಲ ನೇರವಾಗಿ ಬರೆಯಿರಿ.

“ಪಾಲು ಕೊಡು. ಕೇಳೋಕೆ ನಾಚಿಕೆ ಆಗ್ತಿದೆ.”

“ಇಷ್ಟು ವರ್ಷ ದುಡಿದವನು ನಾನು. ಹೊಟ್ಟೆ ಉರೀತಿದೆ.”

ಇದು ನಿಮಗೆ ಮಾತ್ರ. ಇದರ ಪಕ್ಕದಲ್ಲೇ, ಯಾರು ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಒಂದೊಂದು ಸಾಲು ಬರೆದಿಡಿ. ಅಣ್ಣನಿಗೆ ಮರ್ಯಾದೆಯ ಪ್ರಶ್ನೆ. ತಮ್ಮನಿಗೆ, ಆ ಮಾತು ತಾನೇ ಎತ್ತಿದರೆ ಪಾಲು ಒಪ್ಪಿಕೊಂಡಂತೆ ಎಂಬ ಭಯ. ಈ ಕಾರಣ ಗಟ್ಟಿಯಿಲ್ಲದಿದ್ದರೆ ಪಾತ್ರಗಳು ಸುಮ್ನೆ ಒಗಟು ಹೇಳಿದ ಹಾಗಿರುತ್ತದೆ.

ಈಗ ಅವರ ಕಣ್ಣೆದುರಿಗೆ ಒಂದು ವಸ್ತು ಇಡಿ. ಜಗಳವೆಲ್ಲ ಅದರ ಮೇಲೆ ನಡೆಯಲಿ. ನಾನು ಪಂಪಿನ ಮೋಟರ್ ಆರಿಸಿಕೊಂಡೆ.

“ಮೋಟರ್ ಹೊಸದಾ?”

“ಹಳೇದು ಸುಟ್ಟು ಎರಡು ವರ್ಷ ಆಯ್ತು. ನಿಂಗೆ ಫೋನ್ ಮಾಡಿದ್ದೆ.”

“ಹೌದೌದು. ಎಷ್ಟಾಯ್ತು?”

“ಆಯ್ತು ಬಿಡು.”

“ಅಡಿಕೆಗೆ ಈಗ ರೇಟ್ ಚೆನ್ನಾಗಿದೆಯಂತೆ.”

“ಕೊಳೆ ಬರದಿರಲಿ ಅಂತ ಮೂರು ಸಲ ಬೋರ್ಡೋ ಔಷಧಿ ಹೊಡೆಸಿದೆ. ಕಾಫಿ ಯಾಕೆ ಹಾಗೇ ಇದೆ? ನೀವು ಬೆಂಗಳೂರಿನವರಿಗೆ ನಮ್ಮನೆ ಕಾಫಿ ಕಡಕ್ ಆಯ್ತೇನೋ.”

ಉತ್ತರಗಳನ್ನು ಗಮನಿಸಿ. “ಎಷ್ಟಾಯ್ತು?” ಎಂದರೆ ತಮ್ಮ ದುಡ್ಡಿನ ಲೆಕ್ಕ ಹೇಳುವುದಿಲ್ಲ. ರೇಟಿನ ಮಾತಿಗೆ ಖರ್ಚಿನ ಮಾತು ಬರುತ್ತದೆ. ಪ್ರಶ್ನೆ ಒಂದು ಕಡೆ, ಉತ್ತರ ಅದರ ಪಕ್ಕದಲ್ಲಿ. ಪ್ರತಿ ಸಾಲೂ ಹೀಗೇ ಜಾರಿದರೆ ಓದುಗರಿಗೆ ಸುಸ್ತಾಗುತ್ತದೆ. ಅದಕ್ಕೇ ಮೊದಲ ಪ್ರಶ್ನೆಗೆ ಒಂದು ನೇರ ಉತ್ತರ ಕೊಟ್ಟಿದ್ದೇನೆ.

ಕೊನೆಯ ಸಾಲು ನನಗೆ ಬಹಳ ಇಷ್ಟ. ಅಲ್ಲಿಯವರೆಗೆ “ನಿಂಗೆ” ಎನ್ನುತ್ತಿದ್ದ ತಮ್ಮ ಇದ್ದಕ್ಕಿದ್ದಂತೆ “ನೀವು” ಎಂದ. ಅದರ ಜೊತೆಗೇ “ನಮ್ಮನೆ” ಬಂತು. ಇಬ್ಬರೂ ಹುಟ್ಟಿದ ಮನೆಯಿಂದ ಅಣ್ಣನನ್ನು ಹೊರಗಿಟ್ಟಿದ್ದು ಈ ಎರಡೇ ಪದ. ನೀನು–ನೀವು, ನಮ್ಮ–ನಿಮ್ಮ ಅದಲುಬದಲಾಗುವ ಜಾಗ ನಮ್ಮ ಭಾಷೆ ಕೊಟ್ಟ ದೊಡ್ಡ ಅನುಕೂಲ. ಆದರೆ ಒಂದು ದೃಶ್ಯದಲ್ಲಿ ಒಂದೇ ಸಲ ಬಳಸಿ.

ಬರೆದಾದ ಮೇಲೆ “ನೋವಿನಿಂದ ಹೇಳಿದ”, “ವ್ಯಂಗ್ಯವಾಗಿ ನಕ್ಕ” ಎಂಬುದನ್ನೆಲ್ಲ ಹೊಡೆದುಹಾಕಿ. ಮುಚ್ಚಿಟ್ಟಿದ್ದನ್ನು ನೀವೇ ಬಿಚ್ಚಿದಂತಾಗುತ್ತದೆ, ಅಲ್ವಾ? ಬದಲಿಗೆ, ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು ಎಂದರೆ ಸಾಕು.

ಕಥೆ ಗೊತ್ತಿಲ್ಲದವರಿಗೆ ಈ ದೃಶ್ಯ ಓದಲು ಕೊಡಿ. ಅಣ್ಣ ಯಾಕೆ ಬಂದಿದ್ದಾನೆ ಎಂದು ಕೇಳಿ. “ಮೋಟರ್ ನೋಡಕ್ಕೆ” ಎಂದರೆ ಸುಳಿವು ಸಾಲದು. ಆಗ ಮಾತಿಗೆ ಕೈ ಹಾಕಬೇಡಿ. ಮಾತು ಶುರುವಾಗುವ ಮುಂಚೆ ಒಂದೇ ಸಾಲು ಸೇರಿಸಿ: ಬಸ್ಸಿನಿಂದ ಇಳಿಯುವಾಗ ಅಣ್ಣ ಜೇಬಿನಲ್ಲಿದ್ದ ಬ್ಯಾಂಕ್ ನೋಟಿಸನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ.