ಕಣ್ಣು ಹೊರಳಿಸಿದರೆ ನೋವು, ನೋಟವೂ ಮಸುಕು: ಮೊದಲ ವಾರದಲ್ಲಿ ಏನು ಮಾಡಬೇಕು?

ಒಂದು ಕಣ್ಣಿನ ಹಿಂದೆ ನೋವು. ಪಕ್ಕಕ್ಕೋ ಮೇಲಕ್ಕೋ ನೋಡಿದರೆ ಚುಚ್ಚಿದಂತಾಗುತ್ತದೆ. ಎರಡು ಮೂರು ದಿನಗಳಲ್ಲಿ ಅದೇ ಕಣ್ಣಿಗೆ ಹೊಗೆ ಕವಿದಂತೆ ಕಾಣತೊಡಗುತ್ತದೆ. 20ರಿಂದ 45 ವರ್ಷದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೀಗಾದರೆ ಮೊದಲು ನೆನಪಾಗಬೇಕಾದದ್ದು ಆಪ್ಟಿಕ್ ನ್ಯೂರೈಟಿಸ್, ಅಂದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಉರಿಯೂತ. ಆದರೆ ಹೆಚ್ಚಿನವರು ಮೊದಲು ಕನ್ನಡಕದ ಅಂಗಡಿಗೆ ಹೋಗುತ್ತಾರೆ, ಆಮೇಲೆ ಸೈನಸ್ ಮಾತ್ರೆ ನುಂಗುತ್ತಾರೆ, ಕೊನೆಗೆ ಯಾರೋ ಬರೆದುಕೊಟ್ಟ ಸ್ಟಿರಾಯ್ಡ್ ಮಾತ್ರೆಗೆ ಬರುತ್ತಾರೆ. ಮೊದಲೆರಡರಿಂದ ದಿನಗಳು ಹಾಳಾಗುತ್ತವೆ. ಮೂರನೆಯದರಿಂದ ಕಾಯಿಲೆಯೇ ಮರುಕಳಿಸಬಹುದು.

ನೋವಿಗೆ ಕಾರಣ ಸರಳ. ಕಣ್ಣನ್ನು ಮೇಲಕ್ಕೆ ಮತ್ತು ಮೂಗಿನ ಕಡೆಗೆ ಎಳೆಯುವ ಸ್ನಾಯುಗಳ ಬುಡ, ಕಣ್ಣಿನ ಗೂಡಿನ ಹಿಂತುದಿಯಲ್ಲಿ ನರದ ಹೊದಿಕೆಗೆ ಅಂಟಿಕೊಂಡಿದೆ. ನರ ಊದಿಕೊಂಡಾಗ ಸ್ನಾಯು ಎಳೆದರೆ ಹೊದಿಕೆಯೂ ಎಳೆಯುತ್ತದೆ. ಹಾಗಾಗಿಯೇ ಕಣ್ಣು ಕೆಂಪಗಾಗದೆ, ನೀರೂ ಬಾರದೆ ನೋಯುತ್ತದೆ.

ಮೊದಲ ಹಂತ, ಮನೆಯಲ್ಲೇ ನೋಡಿಕೊಳ್ಳುವುದು. ಹಗಲು ಬೆಳಕಿನಲ್ಲಿ ನಿಂತು ಕೆಂಪು ಬಾಟಲಿ ಮುಚ್ಚಳವೊಂದನ್ನು ಹಿಡಿಯಿರಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಆದರೆ ಒತ್ತಬೇಡಿ. ಒತ್ತಿದರೆ ಆ ಕಣ್ಣೇ ಮಂಜಾಗಿ ಲೆಕ್ಕ ತಪ್ಪುತ್ತದೆ. ಎರಡೂ ಕಣ್ಣಿಗೆ ಕೆಂಪು ಒಂದೇ ಥರ ಕಾಣುತ್ತದೆಯೇ, ಒಂದಕ್ಕೆ ತೊಳೆದ ಬಟ್ಟೆಯ ಹಾಗೆ ಬಿಳಚಿಕೊಂಡಿದೆಯೇ ನೋಡಿ. ನಂಬರ್ ಬದಲಾದ ಕನ್ನಡಕದಿಂದ ಅಕ್ಷರ ಮಸುಕಾಗುತ್ತದೆಯೇ ಹೊರತು ಒಂದೇ ಕಣ್ಣಿನ ಕೆಂಪು ಹೀಗೆ ಇಳಿಯುವುದಿಲ್ಲ. ಮೊಬೈಲ್ ಆ್ಯಪ್‌ಗಳ ಬಣ್ಣ ಪರೀಕ್ಷೆ ಬೇಡ, ಪರದೆಯ ಬೆಳಕು ಹೆಚ್ಚುಕಡಿಮೆಯಾದರೆ ಬಣ್ಣವೂ ಬದಲಾಗುತ್ತದೆ.

ಎರಡನೆಯದು, ಅಂದೇ ಅಥವಾ ಮರುದಿನ ಕಣ್ಣಿನ ವೈದ್ಯರಲ್ಲಿಗೆ. ಇಲ್ಲಿ ಒಂದು ಮಾತು ನೀವೇ ಹೇಳಬೇಕು: ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲು ಟಾರ್ಚ್ ಪರೀಕ್ಷೆ ಆಗಲಿ. ಬೆಳಕನ್ನು ಒಳ್ಳೆಯ ಕಣ್ಣಿನಿಂದ ಕೆಟ್ಟ ಕಣ್ಣಿಗೆ ತಂದಾಗ ಪಾಪೆ ಕಿರಿದಾಗಬೇಕಾದದ್ದು ಹಿಗ್ಗಿದರೆ ತೊಂದರೆ ನರದಲ್ಲಿದೆ ಎಂದು ತಿಳಿಯುತ್ತದೆ. ಡ್ರಾಪ್ಸ್ ಬಿದ್ದ ಮೇಲೆ ಈ ಸುಳಿವು ಸಿಗದು. ಕಣ್ಣಿನ ಒಳಗೆ ಇಣುಕಿ ನೋಡಿದಾಗ ಮೂವರು ರೋಗಿಗಳಲ್ಲಿ ಇಬ್ಬರ ಕಣ್ಣು ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಊತ ಇರುವುದು ಗುಡ್ಡೆಯ ಹಿಂದೆ. 'ಕಣ್ಣು ಚೆನ್ನಾಗಿದೆ' ಎಂಬ ಚೀಟಿ ಹಿಡಿದು ಮನೆಗೆ ಬರಬೇಡಿ.

ಮೂರನೆಯದು, ಮಿದುಳು ಮತ್ತು ಕಣ್ಣಿನ ಗೂಡು ಎರಡರದೂ ಕಾಂಟ್ರಾಸ್ಟ್ ಕೊಟ್ಟ ಎಂಆರ್‌ಐ. ಜೊತೆಗೆ ಆಕ್ವಪೊರಿನ್-4 ಮತ್ತು ಮಾಗ್ ಎಂಬ ಎರಡು ಪ್ರತಿಕಾಯಗಳಿಗೆ ರಕ್ತ. ರಕ್ತವನ್ನು ಚಿಕಿತ್ಸೆಗೆ ಮೊದಲೇ ತೆಗೆಯಬೇಕು, ವರದಿಗಾಗಿ ಮಾತ್ರ ಚಿಕಿತ್ಸೆ ಕಾಯಬಾರದು.

ಇನ್ನು ಎಲ್ಲರೂ ಎಡವುವ ಜಾಗ, ಸ್ಟಿರಾಯ್ಡ್.

ಅಮೆರಿಕದಲ್ಲಿ 1988ರಿಂದ 1991ರವರೆಗೆ 450ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡ ದೊಡ್ಡ ಪ್ರಯೋಗವೊಂದು ನಡೆಯಿತು. ಒಂದು ಗುಂಪಿಗೆ ಮೂರು ದಿನ ರಕ್ತನಾಳದ ಮೂಲಕ ಮಿಥೈಲ್‌ಪ್ರೆಡ್ನಿಸೊಲೋನ್, ದಿನಕ್ಕೆ ಒಟ್ಟು 1 ಗ್ರಾಂ, ಆಮೇಲೆ 11 ದಿನ ಮಾತ್ರೆ. ಇನ್ನೊಂದಕ್ಕೆ ಬರೀ ಮಾತ್ರೆ, ಕಿಲೋ ತೂಕಕ್ಕೆ 1 ಮಿಲಿಗ್ರಾಂ. ಮೂರನೆಯದಕ್ಕೆ ಔಷಧಿಯಿಲ್ಲದ ಮಾತ್ರೆ. ಡ್ರಿಪ್ ಪಡೆದವರ ನೋಟ ಬೇಗ ಮರಳಿತು, ಆದರೆ ವರ್ಷದ ಕೊನೆಗೆ ಮೂರೂ ಗುಂಪಿನ ದೃಷ್ಟಿ ಹೆಚ್ಚುಕಡಿಮೆ ಒಂದೇ. ಬರೀ ಮಾತ್ರೆ ನುಂಗಿದವರಲ್ಲಿ ಮಾತ್ರ ಕಾಯಿಲೆ ಮತ್ತೆ ಬರುವುದು ಸುಮಾರು ಎರಡು ಪಟ್ಟಾಯಿತು. ಹಾಗಾಗಿ 60 ಕಿಲೋದವರಿಗೆ ಮೊದಲ ದಿನದಿಂದಲೇ 60 ಅಥವಾ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆಯಷ್ಟೇ ಬರೆದುಕೊಟ್ಟರೆ ಒಪ್ಪಬೇಡಿ. ಸ್ಟಿರಾಯ್ಡ್ ಡ್ರಾಪ್ಸ್ ನರದವರೆಗೆ ತಲುಪುವುದೇ ಇಲ್ಲ.

ಡ್ರಿಪ್ ಸಾಮಾನ್ಯವಾಗಿ ಬೆಳಗ್ಗೆ, ದಿನಕ್ಕೊಮ್ಮೆ, 3ರಿಂದ 5 ದಿನ. ಅವಸರ ಮಾಡಿ ಹತ್ತು ನಿಮಿಷದಲ್ಲಿ ಬಿಟ್ಟರೆ ಎದೆಬಡಿತ ಏರುಪೇರಾಗಬಹುದು. ಒಂದು ಗಂಟೆಯಾದರೂ ಹಿಡಿಯಲಿ. ಶುರು ಮಾಡುವ ಮೊದಲು ಸಕ್ಕರೆ, ರಕ್ತದೊತ್ತಡ, ಮೂತ್ರದ ಸೋಂಕು ಮತ್ತು ಕ್ಷಯ ಇವೆಯೇ ಎಂದು ನೋಡಬೇಕು. ಬಾಯಲ್ಲಿ ಲೋಹದ ರುಚಿ, ಮುಖ ಕೆಂಪಾಗುವುದು, ರಾತ್ರಿ ನಿದ್ದೆ ಬಾರದಿರುವುದು ಸಾಮಾನ್ಯ. ಅದಕ್ಕೆ ಹೆದರಿ ಎರಡನೇ ದಿನ ನಿಲ್ಲಿಸಬೇಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 28 ವರ್ಷದ ಶಿಕ್ಷಕಿ. ಸೋಮವಾರ ಬಲಗಣ್ಣಿಗೆ ನೋವು, ಗುರುವಾರಕ್ಕೆ ದೃಷ್ಟಿ 6/60. ಎಂಆರ್‌ಐಯಲ್ಲಿ ಬಲ ನರ ಹೊಳೆಯುತ್ತಿದೆ, ಮಿದುಳಿನಲ್ಲೂ ಎರಡು ಬಿಳಿ ಚುಕ್ಕೆಗಳಿವೆ. ಮೂರು ದಿನ ಡ್ರಿಪ್ ಆಯಿತು, ನೋವು ಎರಡನೇ ದಿನವೇ ಇಳಿಯಿತು. ಮೂರನೇ ವಾರಕ್ಕೆ 6/18, ಮೂರು ತಿಂಗಳಿಗೆ 6/6. ಚಿಕಿತ್ಸೆಯಿಲ್ಲದೆಯೂ ನೋಟ ಎರಡು ಮೂರು ವಾರದಲ್ಲಿ ತಿರುಗುವುದೇ ಈ ಕಾಯಿಲೆಯ ವಾಡಿಕೆ. ಆದರೂ ಕೆಂಪು ಸ್ವಲ್ಪ ಬಿಳಚಿಕೊಂಡೇ ಉಳಿಯಬಹುದು.

ಕಣ್ಣು ಸರಿಯಾಯಿತೆಂದು ಆ ಚುಕ್ಕೆಗಳನ್ನು ಮರೆಯಬಾರದು. ನರತಂತುಗಳಿಗೆ ಸುತ್ತಿರುವ ಮಯಲಿನ್ ಎಂಬ ಕವಚ ಕಳಚಿದ ಗುರುತುಗಳವು. ಮಿದುಳು ಮತ್ತು ಬೆನ್ನುಹುರಿಯಲ್ಲಿ ಈ ಕವಚ ಮತ್ತೆ ಮತ್ತೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯ ಮೊದಲ ಸುಳಿವಾಗಿರಬಹುದು. ಅದೇ ಪ್ರಯೋಗದ ರೋಗಿಗಳನ್ನು 15 ವರ್ಷ ಗಮನಿಸಿದಾಗ, ಒಂದಾದರೂ ಚುಕ್ಕೆ ಇದ್ದವರಲ್ಲಿ ಶೇ 72 ಮಂದಿಗೆ, ಚುಕ್ಕೆಯೇ ಇಲ್ಲದವರಲ್ಲಿ ಶೇ 25 ಮಂದಿಗೆ ಆ ಕಾಯಿಲೆ ಬಂದಿತ್ತು. ಅವರಲ್ಲಿ ಬಹುಪಾಲು ಬಿಳಿಯರು, ಇಂದಿನ ಔಷಧಿಗಳೂ ಆಗ ಇರಲಿಲ್ಲ. ನಮ್ಮಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಷ್ಟು ಹೆಚ್ಚಿಲ್ಲ, ಆದ್ದರಿಂದ ಆ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ಎತ್ತಿಡಲಾಗದು. ಆದರೂ ಈ ಶಿಕ್ಷಕಿ ನರರೋಗ ತಜ್ಞರನ್ನು ಕಂಡು, ಬೆನ್ನುಹುರಿ ನೀರಿನ ಪರೀಕ್ಷೆ ಮತ್ತು ಮರುಕಳಿಸದಂತೆ ತಡೆಯುವ ಔಷಧಿಯ ವಿಷಯವನ್ನು ಅದೇ ತಿಂಗಳು ಇತ್ಯರ್ಥ ಮಾಡಿಕೊಳ್ಳಬೇಕು.

ಎರಡು ಪ್ರತಿಕಾಯಗಳ ಪರೀಕ್ಷೆಗೆ ಒತ್ತು ಕೊಡುವುದೂ ಇದಕ್ಕೇ. ಆಕ್ವಪೊರಿನ್-4 ಸಿಕ್ಕರೆ ಅದು ಬೇರೆಯೇ ಕಾಯಿಲೆ, ಕಣ್ಣು ತಾನಾಗಿ ತಿರುಗುತ್ತದೆಂದು ಕಾಯುವಂತಿಲ್ಲ, ಪ್ಲಾಸ್ಮಾ ಬದಲಿಸಬೇಕಾಗಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್ಫೆರಾನ್ ಅದನ್ನು ಕೆರಳಿಸುತ್ತದೆ. ಮಾಗ್ ಸಿಕ್ಕರೆ ಸ್ಟಿರಾಯ್ಡ್‌ಗೆ ಬೇಗ ಮಣಿಯುತ್ತದೆ, ಬೇಗ ನಿಲ್ಲಿಸಿದರೆ ಅಷ್ಟೇ ಬೇಗ ಮರಳುತ್ತದೆ. ಎರಡೂ ಕಣ್ಣು ಒಟ್ಟಿಗೆ ಹೋದರೆ, ಬೆಳಕೂ ಕಾಣದಾದರೆ, ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ವಾಂತಿ ಇದ್ದರೆ, ಒಂದು ತಿಂಗಳಾದರೂ ಏನೂ ಸುಧಾರಿಸದಿದ್ದರೆ ಈ ಎರಡನ್ನು ಅನುಮಾನಿಸಲೇಬೇಕು. ನೋವಿಲ್ಲದೆ ಎರಡೂ ಕಣ್ಣು ನಿಧಾನವಾಗಿ ಮಸುಕಾಗುತ್ತಿದ್ದು, ಕ್ಷಯಕ್ಕೆ ಎಥಾಂಬ್ಯುಟಾಲ್ ತಿನ್ನುತ್ತಿದ್ದರೆ ಆ ಮಾತ್ರೆಯೇ ಕಾರಣವಿರಬಹುದು, ಅಂದೇ ವೈದ್ಯರಿಗೆ ತಿಳಿಸಿ.

ವಾಸಿಯಾದ ಮೇಲೂ ಬಿಸಿನೀರು ಸ್ನಾನ ಮಾಡಿದಾಗ, ಬಿಸಿಲಲ್ಲಿ ನಡೆದಾಗ ಅದೇ ಕಣ್ಣು ಮಸುಕಾಗಬಹುದು. ಮೈ ಬಿಸಿಯಾದರೆ ಕವಚ ಕಳೆದುಕೊಂಡ ನರದಲ್ಲಿ ಸಂದೇಶ ಸರಿಯಾಗಿ ಹರಿಯುವುದಿಲ್ಲ. ತಣ್ಣಗಾದ ಮೇಲೆ ತಿಳಿಯಾದರೆ ಅದು ಹೊಸ ದಾಳಿಯಲ್ಲ. 24 ಗಂಟೆ ಕಳೆದರೂ ಮಸುಕು ಹೋಗದಿದ್ದರೆ ಅಥವಾ ಕಣ್ಣು ಹೊರಳಿಸಿದಾಗಿನ ಆ ನೋವು ಮತ್ತೆ ಬಂದರೆ, ಕೆಂಪು ಮುಚ್ಚಳ ಹಿಡಿದು ಮತ್ತೆ ನೋಡಿಕೊಂಡು ಅಂದೇ ವೈದ್ಯರಲ್ಲಿಗೆ ಹೊರಡಿ.