ಕೊಟೇಶನ್‌ಗೆ ಉತ್ತರ ಬಾರದಿದ್ದಾಗ ನಾನು ಕಳಿಸುವ ಮೆಸೇಜ್

ನಾನು ಟೆರೇಸ್ ವಾಟರ್‌ಪ್ರೂಫಿಂಗ್ ಕೆಲಸ ಮಾಡಿಸುತ್ತೇನೆ. ಮೊದಲೆಲ್ಲ ಕೊಟೇಶನ್ ಕಳಿಸಿ ಮೂರನೇ ದಿನಕ್ಕೇ "ಸರ್, ಏನಾಯ್ತು? ನೋಡಿದ್ರಾ?" ಎಂದು ಕೇಳುತ್ತಿದ್ದೆ. ಒಬ್ಬರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ಆ ಪ್ರಶ್ನೆಗೆ ಅವರು ಒಂದೋ ತೀರ್ಮಾನ ಹೇಳಬೇಕು, ಇಲ್ಲ ನೆಪ ಹೇಳಬೇಕು. ಎರಡೂ ಕಷ್ಟ, ಅದಕ್ಕೇ ಸುಮ್ಮನಾಗುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ 24 ಮನೆಗಳ ಅಪಾರ್ಟ್‌ಮೆಂಟ್ ಒಂದಕ್ಕೆ ಕೊಟೇಶನ್ ಕೊಟ್ಟೆ. ಕೊಡುವಾಗಲೇ ಸೆಕ್ರೆಟರಿ ಅವರನ್ನು ಕಮಿಟಿ ಮೀಟಿಂಗ್ ಯಾವತ್ತು ಎಂದು ಕೇಳಿಕೊಂಡೆ. ಎರಡನೇ ಭಾನುವಾರ ಎಂದರು. ಅದಕ್ಕೆ ಮುಂಚೆ ನೆನಪಿಸಿ ಪ್ರಯೋಜನವಿಲ್ಲ. ಅವರೊಬ್ಬರೇ ತೀರ್ಮಾನ ಮಾಡುವ ಹಾಗಿಲ್ಲ ಅಲ್ವಾ? ಮೀಟಿಂಗ್ ಆದ ಮೇಲೆ ಸೋಮವಾರ ಬಿಟ್ಟು, ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ:

"ನಮಸ್ಕಾರ ಸರ್. ಟೆರೇಸ್ ವಾಟರ್‌ಪ್ರೂಫಿಂಗ್ ಕೊಟೇಶನ್ ಕೊಟ್ಟಿದ್ದೆ. ಮತ್ತೆ ಹುಡುಕುವುದು ಬೇಡ ಎಂದು ಪಿಡಿಎಫ್ ಇಲ್ಲೇ ಹಾಕಿದ್ದೇನೆ. ಅವತ್ತು ಮೇಡಂ ಒಬ್ಬರು ನೀರಿನ ಟ್ಯಾಂಕ್ ಕೆಳಗಿನ ಜಾಗ ಸೇರಿದೆಯಾ ಎಂದು ಕೇಳಿದ್ದರು. ಸೇರಿದೆ, ಎರಡನೇ ಪುಟದಲ್ಲಿ ಗುರುತು ಮಾಡಿದ್ದೇನೆ. ಭಾನುವಾರ ಈ ವಿಷಯ ಚರ್ಚೆಗೆ ಬಂತಾ, ಮುಂದಿನ ತಿಂಗಳಿಗೆ ಹೋಯಿತಾ? ಬೇರೆಯವರಿಗೆ ಕೊಡುವುದಿದ್ದರೂ ಒಂದು ಸಾಲು ತಿಳಿಸಿ, ಬೇಜಾರಿಲ್ಲ."

"ಮಳೆ ಬರುವಷ್ಟರಲ್ಲಿ" ಎಂದು ಬರೆದು ಅಳಿಸಿದೆ. ಮಾತು ನಿಜವೇ. ಕೋಟಿಂಗ್ ಹಾಕಲು ನೆಲ ಒಣಗಿರಬೇಕು. ಆಮೇಲೆ ಪೈಪ್ ಬಾಯಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ಆದರೆ ಇದೆಲ್ಲ ಕೊಟೇಶನ್‌ನಲ್ಲೇ ಇತ್ತು. ಮತ್ತೆ ಹೇಳಿದರೆ ಹೆದರಿಸಿದ ಹಾಗೆ. ಅವರು ಕೇಳದೆ ರೇಟ್ ಇಳಿಸುವುದೂ ಇಲ್ಲ. ಹಾಗೆ ಇಳಿಸಿದರೆ ಮೊದಲು ಜಾಸ್ತಿ ಹಾಕಿದ್ದ ಎಂದೇ ಅನ್ನಿಸುತ್ತದೆ.

ಸಂಜೆಗೆ ಉತ್ತರ ಬಂತು. "ಮೂರು ಕೊಟೇಶನ್ ಬಂದಿವೆ, ಹೋಲಿಸೋಕೆ ಆಗ್ತಿಲ್ಲ. ಒಬ್ಬರು ಚದರಡಿ ಲೆಕ್ಕ ಕೊಟ್ಟಿದ್ದಾರೆ, ನಿಮ್ಮದು ಒಟ್ಟು ಮೊತ್ತ." ತಡವಾಗಿದ್ದಕ್ಕೆ ನನ್ನ ಕಾಗದವೂ ಕಾರಣ ಎಂದು ಆಗಲೇ ಗೊತ್ತಾಗಿದ್ದು. ಅದೇ ಮೊತ್ತವನ್ನು ಚದರಡಿ ಲೆಕ್ಕಕ್ಕೆ ಇಳಿಸಿ, ಸಾಮಾನು ಬೇರೆ, ಕೂಲಿ ಬೇರೆ ಮಾಡಿ ಅರ್ಧ ಪುಟದಲ್ಲಿ ಕಳಿಸಿದೆ.

ಮತ್ತೆ ಹನ್ನೆರಡು ದಿನ ಸುದ್ದಿಯಿಲ್ಲ. ಕೊನೆಯದಾಗಿ ಒಂದೇ ಮೆಸೇಜ್ ಹಾಕಿದೆ: "ಸರ್, ಈ ದರ 30ನೇ ತಾರೀಕಿನವರೆಗೆ ಇರುತ್ತದೆ. ಆಮೇಲೆ ಬೇಕೆಂದರೂ ಹೇಳಿ, ಆಗಿನ ಸಾಮಾನಿನ ಬೆಲೆ ನೋಡಿ ಹೊಸ ಲೆಕ್ಕ ಕೊಡುತ್ತೇನೆ." ಆ ತಾರೀಕು ಮೊದಲ ಕೊಟೇಶನ್‌ನಲ್ಲೇ ಅಚ್ಚಾಗಿತ್ತು. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಕೆಲಸ ಬೇರೆಯವರಿಗೆ ಹೋಯಿತು ಎಂದು ಸೆಕ್ರೆಟರಿ ಅವತ್ತೇ ತಿಳಿಸಿದರು. ಥ್ಯಾಂಕ್ಸ್ ಹೇಳಿದೆ. ಆ ಕೆಲಸಕ್ಕೆಂದು ಹಿಡಿದಿಟ್ಟಿದ್ದ ನಾಲ್ಕು ಜನ ಹುಡುಗರನ್ನು ಮರುದಿನವೇ ಇನ್ನೊಂದು ಮನೆಗೆ ಕಳಿಸಿದೆ.